ಹೇನು ತಲೆಯಲ್ಲಿ, ಬರೆ ಎಮ್ಮೆಗೆ

ಆಗಸ್ಟ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಶಾಲೆಯಿಂದ ಫೋನು ಬಂತು. ನಾಲ್ಕನೇ ಕ್ಲಾಸಿನ ಮಗಳ ತಲೆಯಲ್ಲಿ ‘ಲೀಖ್’ ಇದೆ, ಬಂದು ಕರೆದುಕೊಂಡು ಹೋಗಿ, ಒಂದೂ ಉಳಿಯದ ಹಾಗೆ ತೆಗೆಸಿದ ಮೇಲೆ ಕಳಿಸಿ ಎಂದರು. ಲೀಖ್ ಅಂದರೆ ಹಿಂದಿಯಲ್ಲಿ ಸೀರು, ಹೇನಿನ ಮೊಟ್ಟೆ. ಆಟೊ ಹಿಡಿದು ಹೋದಾಗ ಮಗಳು ಗೇಟಿನ ಒಳಗೆ ಗಾರ್ಡಿನ ಕುರ್ಚಿಯಲ್ಲಿ, ನೋಯ್ಡಾದ ಆ ಬೇಯುವ ಸೆಕೆಯಲ್ಲಿ, ತಲೆಗೆ ಪಿ.ಟಿ. ಟೋಪಿ ಬಿಗಿದುಕೊಂಡು ಕೂತಿದ್ದಳು. ಬೇರೆಯವರಿಗೆ ಹಾರಬಾರದೆಂದು ಟೀಚರೇ ಹಾಕಿಸಿದ್ದರಂತೆ. ಮನೆಗೆ ಬಂದ ಮೇಲೂ ಅವಳು ಆ ಟೋಪಿ ತೆಗೆಯಲಿಲ್ಲ.

ನಾನು ಬಾಯಿ ಬಿಡುವ ಮೊದಲೇ ಸುದ್ದಿ ಶಾಲೆಯ ವ್ಯಾನು ಹತ್ತಿ ನಮ್ಮ ಸೊಸೈಟಿಗೆ ಬಂದಿತ್ತು. ಸಂಜೆ ಟವರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಬರೆದರು: ಎಲ್ಲರೂ ತಮ್ಮ ತಮ್ಮ ಮನೆಗೆಲಸದವರ ತಲೆ ನೋಡಿಸಿ. ಅದರ ಕೆಳಗೆ ಸಾಲಾಗಿ ಹೆಬ್ಬೆಟ್ಟುಗಳು. ಇನ್ನೊಬ್ಬರು ಇಡೀ ಟವರಿಗೆ ಒಟ್ಟಾಗಿ ಔಷಧಿ ಹೊಡೆಸಿದರೆ ರೇಟು ಕಡಿಮೆಯಾಗುತ್ತದೆ ಎಂದರು. ಮತ್ತೊಬ್ಬರು ವ್ಯಾನಿನ ಸೀಟು ತೊಳೆಸುವ ಹೊಣೆ ಹೊತ್ತರು. ‘ಯಾವ ಮಗು, ಯಾರ ಜೊತೆ ಆಡುತ್ತಿತ್ತು, ಆ ಮಕ್ಕಳ ತಲೆ ನೋಡೋಣ’ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಮದುವೆಗೆ ಮುಂಚೆ ತುಮಕೂರಿನ ಒಂದು ಕಾಲೇಜಿನಲ್ಲಿ ಮೂರು ವರ್ಷ ಪ್ರಾಣಿಶಾಸ್ತ್ರ ಪಾಠ ಹೇಳಿದವಳು ನಾನು. ಹೇನಿನ ಕಾಲು ಎಷ್ಟು, ಉಗುರು ಹೇಗೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದವಳು. ಆದರೂ ಆ ರಾತ್ರಿ ನಮ್ಮ ಮನೆಗೆ ಬರುವ ಕೆಲಸದಾಕೆಗೆ ಫೋನು ಮಾಡಿ ‘ನಾಲ್ಕು ದಿನ ಬರಬೇಡ’ ಎಂದೆ. ಕಾರಣ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಬೇರೆಯವರಿಗೆ ಹೇಳುವುದು ಸುಲಭ. ಈ ಲೇಖನ ಆ ವಾಟ್ಸ್‌ಆ್ಯಪ್ ಗುಂಪಿನ ನಂಬಿಕೆಗೆ ವಿರುದ್ಧ ಬರೆದದ್ದು, ಆ ಶುಕ್ರವಾರದ ನನಗೂ ವಿರುದ್ಧ.

ನಂಬಿಕೆ ಇಷ್ಟು: ಹೇನು ಕೊಳಕಿನಿಂದ ಬರುತ್ತದೆ, ಕೊಳಕು ನಮ್ಮದಲ್ಲ, ಆದ್ದರಿಂದ ಹೇನು ಬೇರೆಯವರದು. ನೋಯ್ಡಾದಲ್ಲಿ ಈ ತರ್ಕಕ್ಕೆ ಊರಿನ ನಕ್ಷೆಯೇ ಒತ್ತಾಸೆ ಕೊಡುತ್ತದೆ. 1976ರಲ್ಲಿ ಹಳ್ಳಿಗಳ ಜಮೀನಿನ ಮೇಲೆ ಎದ್ದ ಊರು ಇದು. ಹೊಲಗಳು ಸೆಕ್ಟರುಗಳಾದವು, ಹಳ್ಳಿಗಳು ಮಾತ್ರ ನಡುನಡುವೆ ಹಾಗೇ ಉಳಿದವು. ಬರೌಲಾ, ಮಾಮೂರಾ, ಸೋರ್ಖಾದಂಥ ಕಡೆ ಒಂದೊಂದು ಕೋಣೆಯ ಬಾಡಿಗೆ ಮನೆಗಳಿವೆ, ನಮ್ಮ ಪಾತ್ರೆ ತೊಳೆಯುವವರು ಅಂಥಲ್ಲಿಂದ ಬೆಳಗ್ಗೆ ಬರುತ್ತಾರೆ. ಎಷ್ಟೋ ಸೊಸೈಟಿಗಳಲ್ಲಿ ಅವರಿಗೆ ಲಿಫ್ಟು ಕೂಡ ಬೇರೆ. ಇಂಥ ಊರಿನಲ್ಲಿ ಹೇನು ಕಂಡ ತಕ್ಷಣ ಬೆರಳು ಯಾವ ಕಡೆ ತಿರುಗುತ್ತದೆ ಎಂದು ಹೇಳಬೇಕಾಗಿಲ್ಲ.

ಹೇನಿಗೆ ಬೇಕಾದದ್ದು ಎರಡೇ, ಹಿಡಿದುಕೊಳ್ಳಲು ಕೂದಲು ಮತ್ತು ದಿನಕ್ಕೆ ನಾಲ್ಕಾರು ಸಲ ಹೀರಲು ರಕ್ತ. ತೊಳೆದ ಕೂದಲು, ತೊಳೆಯದ ಕೂದಲು ಎಂಬ ಭೇದ ಅದಕ್ಕಿಲ್ಲ. ಆರು ಕಾಲಿನ ತುದಿಯ ಕೊಕ್ಕೆ ಉಗುರುಗಳು ಕೂದಲಿನ ದಪ್ಪಕ್ಕೆ ಹೇಳಿ ಮಾಡಿಸಿದ ಹಾಗಿವೆ, ದಿನಾ ಶಾಂಪೂ ಹಾಕಿದರೂ ಬಿಡುವುದಿಲ್ಲ. ಹೇನಿಗೆ ರೆಕ್ಕೆಯಿಲ್ಲ, ಜಿಗಿಯಲು ಚಿಗಟದ ಕಾಲಿಲ್ಲ. ಒಂದು ತಲೆ ಇನ್ನೊಂದಕ್ಕೆ ತಾಗಿ, ಕೂದಲು ಕೂದಲಿಗೆ ಸೇರಿದಾಗ ಮಾತ್ರ ಅದು ತೆವಳಿಕೊಂಡು ಹೋಗುತ್ತದೆ. ಆದ್ದರಿಂದ ಅದು ಬರುವುದು ತಲೆಗೆ ತಲೆ ಕೊಟ್ಟು ಕೂರುವವರಿಂದ, ಅಂದರೆ ಪಕ್ಕದ ಬೆಂಚಿನ ಗೆಳತಿ, ಒಂದೇ ಮೊಬೈಲಿನೊಳಗೆ ತಲೆ ಹಾಕಿ ಕೂತ ಮಕ್ಕಳು, ಒಂದೇ ದಿಂಬಿಗೆ ಒರಗುವ ಅಕ್ಕ ತಂಗಿಯರಿಂದ. ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆದು ಹೋಗುವವಳ ತಲೆ ನನ್ನ ಮಗಳ ತಲೆಗೆ ಯಾವತ್ತು ತಾಗಿತ್ತು?

ಹಾಗಾದರೆ ಹೇನಿಗೆ ಈ ಕೆಟ್ಟ ಹೆಸರು ಎಲ್ಲಿಂದ ಬಂತು? ಅದರ ಹತ್ತಿರದ ನೆಂಟನಿಂದ. ಮೈ ಮೇಲಿನ ಬಟ್ಟೆಯ ಹೊಲಿಗೆಗಳಲ್ಲಿ ಅಡಗಿ, ಅಲ್ಲೇ ಮೊಟ್ಟೆಯಿಟ್ಟು, ಹಸಿದಾಗ ಮಾತ್ರ ಚರ್ಮಕ್ಕೆ ಬರುವ ಇನ್ನೊಂದು ಬಗೆಯಿದೆ. ವಾರಗಟ್ಟಲೆ ಬಟ್ಟೆ ಬದಲಿಸಲು ಗತಿಯಿಲ್ಲದ ಸೈನಿಕರಿಗೆ, ಕೈದಿಗಳಿಗೆ, ನಿರಾಶ್ರಿತರಿಗೆ ಅದು ಕಾಟ ಕೊಡುತ್ತದೆ. ಟೈಫಸ್ ಜ್ವರ ಹರಡುವುದು ಅದು. 1909ರಲ್ಲಿ ಟ್ಯೂನಿಸ್‌ನಲ್ಲಿ ಷಾರ್ಲ್ ನಿಕೋಲ್ ಎಂಬ ವೈದ್ಯ ಒಂದು ವಿಚಿತ್ರ ಗಮನಿಸಿದ. ಆಸ್ಪತ್ರೆಯ ಬಾಗಿಲವರೆಗೆ ಎಲ್ಲರಿಗೂ ಜ್ವರ ಅಂಟಿಸುತ್ತಿದ್ದ ರೋಗಿಗಳು, ಬಟ್ಟೆ ಕಳಚಿ ಸ್ನಾನ ಮಾಡಿಸಿ ವಾರ್ಡಿಗೆ ಸೇರಿಸಿದ ಮೇಲೆ ಯಾರಿಗೂ ಅಂಟಿಸುತ್ತಿರಲಿಲ್ಲ. ಹಾಗಾದರೆ ಜ್ವರ ಕಳಚಿದ ಬಟ್ಟೆಯಲ್ಲಿತ್ತು. ಆ ಕೆಲಸಕ್ಕೆ ಅವನಿಗೆ 1928ರ ನೊಬೆಲ್ ಸಿಕ್ಕಿತು. ತಲೆಯ ಹೇನು ಹೀಗೆ ಯಾವ ರೋಗವನ್ನೂ ಹರಡುವುದಿಲ್ಲ. ತುರಿಕೆ ಕೊಡುತ್ತದೆ, ಕೆರೆದು ಗಾಯವಾದರೆ ಕೀವು ಕಟ್ಟಬಹುದು, ಅಷ್ಟೆ. ಬಟ್ಟೆಯದಕ್ಕೆ ನಮ್ಮ ಅಜ್ಜಿಯರು ‘ಕೂರೆ’ ಎನ್ನುತ್ತಿದ್ದರು, ತಲೆಯದಕ್ಕೆ ‘ಹೇನು’. ಕನ್ನಡ ಎರಡಕ್ಕೂ ಬೇರೆ ಹೆಸರು ಇಟ್ಟಿತ್ತು. ಇಂಗ್ಲಿಷಿನಲ್ಲಿ ಎರಡನ್ನೂ ‘ಲೈಸ್’ ಎಂದು ಕಲಿತ ನಾವು ಕೂರೆಯ ಅಪರಾಧಕ್ಕೆ ಹೇನಿಗೆ ಶಿಕ್ಷೆ ಕೊಡುತ್ತಿದ್ದೇವೆ. ಹೇನಿಗೂ ಅಲ್ಲ, ಹೇನು ಹೊತ್ತ ಹುಡುಗಿಗೆ.

ಈಗ ಶಾಲೆಯ ಮಾತಿಗೆ ಬರುತ್ತೇನೆ. ಟೀಚರು ಕಂಡದ್ದು ಸೀರು, ಹೇನಲ್ಲ. ಇದು ಸಣ್ಣ ವ್ಯತ್ಯಾಸವಲ್ಲ. ಹೆಣ್ಣು ಹೇನು ಮೊಟ್ಟೆಯನ್ನು ಕೂದಲಿನ ಬುಡದಲ್ಲಿ, ನೆತ್ತಿಯ ಚರ್ಮದಿಂದ ಅರ್ಧ ಸೆಂಟಿಮೀಟರಿನ ಆಸುಪಾಸಿನಲ್ಲಿ ಅಂಟಿಸುತ್ತದೆ, ಮೊಟ್ಟೆಗೆ ಮೈ ಬಿಸಿ ಬೇಕು. ಅದು ಸುಮಾರು ಒಂದು ವಾರದಿಂದ ಹತ್ತು ದಿನದೊಳಗೆ ಒಡೆಯುತ್ತದೆ. ಮರಿ ಹೊರಟುಹೋದರೂ ಚಿಪ್ಪು ಅಂಟಿಕೊಂಡೇ ಇರುತ್ತದೆ, ಕೂದಲಿನ ಜೊತೆ ತಿಂಗಳಿಗೆ ಒಂದು ಸೆಂಟಿಮೀಟರಿನಂತೆ ಹೊರಗೆ ಬೆಳೆಯುತ್ತದೆ. ಜೀವವಿರುವ ಮೊಟ್ಟೆ ಕಂದು ಬಣ್ಣ, ಕಪ್ಪು ಕೂದಲಿನ ಬುಡದಲ್ಲಿ ಕಾಣುವುದೇ ಕಷ್ಟ. ಖಾಲಿ ಚಿಪ್ಪು ಬಿಳಿ, ದೂರದಿಂದಲೇ ಮಿನುಗುತ್ತದೆ. ಅಂದರೆ ಬೆಂಚಿನ ಪಕ್ಕ ನಿಂತು ಬಗ್ಗಿ ನೋಡುವ ಟೀಚರಿನ ಕಣ್ಣಿಗೆ ಮೊದಲು ಬೀಳುವುದು ಮರಿ ಬಿಟ್ಟುಹೋದ ಗೂಡು. ನನ್ನ ಮಗಳ ಕಿವಿಯ ಹಿಂದೆ ಅವರು ತೋರಿಸಿದ ಸೀರು ಚರ್ಮದಿಂದ ಎರಡು ಬೆರಳಿನಷ್ಟು ದೂರದಲ್ಲಿತ್ತು, ಲೆಕ್ಕ ಹಾಕಿದರೆ ಬೇಸಿಗೆ ರಜೆಯ ದಿನಗಳದು. ಬಿಸಿ ಸೀಮೆಯಲ್ಲಿ ಚರ್ಮದಿಂದ ದೂರದಲ್ಲೂ ಜೀವಂತ ಮೊಟ್ಟೆ ಸಿಗುವುದುಂಟು, ಆದ್ದರಿಂದ ದೂರವೊಂದನ್ನೇ ಅಳೆದು ತೀರ್ಪು ಕೊಡುವ ಹಾಗಿಲ್ಲ. ಆದರೆ ಸೀರು ಕಂಡಿತು, ಆದ್ದರಿಂದ ಹೇನಿದೆ ಎನ್ನುವುದೂ ತೀರ್ಪಲ್ಲ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಅಟ್ಲಾಂಟಾದಲ್ಲಿ 1,729 ಶಾಲಾ ಮಕ್ಕಳ ತಲೆ ನೋಡಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಜೀವಂತ ಹೇನಿದ್ದದ್ದು 28 ಮಕ್ಕಳಲ್ಲಿ, ಬರೀ ಸೀರಿದ್ದದ್ದು 63 ಮಕ್ಕಳಲ್ಲಿ. ಬರೀ ಸೀರಿದ್ದವರಲ್ಲಿ 50 ಮಕ್ಕಳನ್ನು ಎರಡು ವಾರ ಬಿಡದೆ ನೋಡಿದಾಗ ಹೇನು ಕಾಣಿಸಿದ್ದು ಒಂಬತ್ತರಲ್ಲಿ ಮಾತ್ರ. ಸೀರು ಕಂಡದ್ದಕ್ಕೆ ಮನೆಗೆ ಅಟ್ಟಿದರೆ ಐದರಲ್ಲಿ ನಾಲ್ಕು ಮಕ್ಕಳಿಗೆ ಸುಮ್ಮನೆ ಶಿಕ್ಷೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸೀರಿಗಾಗಲಿ ಹೇನಿಗಾಗಲಿ ಮಗುವನ್ನು ಶಾಲೆಯಿಂದ ದೂರ ಇಡಬಾರದೆಂದು ಹೇಳುತ್ತ ಬಂದಿದೆ, 2022ರ ವರದಿಯಲ್ಲೂ ಅದನ್ನೇ ಹೇಳಿದೆ. ಕಾರಣ ಸರಳ. ಮೊದಲ ಸಲ ಹೇನು ಹತ್ತಿದ ತಲೆ ನಾಲ್ಕರಿಂದ ಆರು ವಾರದವರೆಗೆ ತುರಿಸುವುದೇ ಇಲ್ಲ. ತುರಿಕೆ ಹೇನಿನ ಜೊಲ್ಲಿಗೆ ಮೈ ತೋರುವ ಅಲರ್ಜಿ, ಅದು ಹುಟ್ಟಲು ಅಷ್ಟು ಸಮಯ ಬೇಕು. ಟೀಚರು ಕಂಡ ದಿನಕ್ಕೆ ಆ ಮಗು ತಿಂಗಳಿಂದ ಅದೇ ಕ್ಲಾಸಿನಲ್ಲಿ ಕೂತಿದೆ. ಮಧ್ಯಾಹ್ನದ ಮೂರು ಪಿರಿಯಡ್ ತಪ್ಪಿಸಿ ಗೇಟಿನಲ್ಲಿ ಕೂರಿಸಿದರೆ ಯಾರನ್ನು ಕಾಪಾಡಿದ ಹಾಗಾಯಿತು? ಇದನ್ನು ಬರೆದು ಶಾಲೆಗೆ ಕಳಿಸಿದೆ. ಇಲ್ಲಿನವರು ಹಿಂದಿಯಲ್ಲಿ ಹೇಳುವ ಹಾಗೆ, ಅವರ ಕಿವಿಯ ಮೇಲೆ ಹೇನು ಸಹ ಹರಿಯಲಿಲ್ಲ.

ಖಚಿತ ಮಾಡಿಕೊಳ್ಳುವ ದಾರಿ ಒಂದೇ, ಓಡಾಡುವ ಹೇನನ್ನು ಕಣ್ಣಾರೆ ಕಾಣಬೇಕು. ಕೂದಲು ಬಿಡಿಸಿ ನೋಡಿದರೆ ಅದು ಸಿಗುವುದಿಲ್ಲ, ಬೆಳಕು ಬಿದ್ದ ಕ್ಷಣ ಓಡುತ್ತದೆ. ಜರ್ಮನಿಯ ಒಂದು ಅಧ್ಯಯನ 2009ರಲ್ಲಿ ಎರಡು ವಿಧಾನಗಳನ್ನು ಹೋಲಿಸಿತು. ಹೇನಿದ್ದ ನೂರು ತಲೆಗಳಲ್ಲಿ ಬರಿಗಣ್ಣಿನ ತಪಾಸಣೆ ಹಿಡಿಯುವುದು ಮೂವತ್ತಕ್ಕಿಂತ ಕಡಿಮೆ, ಒದ್ದೆ ಕೂದಲಿಗೆ ಕಂಡೀಷನರ್ ಹಚ್ಚಿ ಸಣ್ಣಹಲ್ಲಿನ ಬಾಚಣಿಗೆಯಲ್ಲಿ ಬಾಚಿದರೆ ತೊಂಬತ್ತು. ಕಂಡೀಷನರಿನಲ್ಲಿ ನೆಂದ ಹೇನು ಸುಮಾರು ಇಪ್ಪತ್ತು ನಿಮಿಷ ಮಿಸುಕದೆ ಬಿದ್ದಿರುತ್ತದೆ, ಗುಟ್ಟು ಅಷ್ಟೆ. ಸಾಯುವುದಿಲ್ಲ. ಕೊಬ್ಬರಿ ಎಣ್ಣೆಯೂ ಇದೇ ಕೆಲಸ ಮಾಡುತ್ತದೆ. ಎಣ್ಣೆಯಲ್ಲಿ ಹೇನು ಉಸಿರುಗಟ್ಟಿ ಸಾಯುತ್ತದೆಂದು ನಂಬಿ ರಾತ್ರಿ ಹಚ್ಚಿ ಬೆಳಗ್ಗೆ ತೊಳೆದುಬಿಡುವವರಿದ್ದಾರೆ. ಹೇನು ಗಂಟೆಗಟ್ಟಲೆ ಉಸಿರಿನ ರಂಧ್ರ ಮುಚ್ಚಿಕೊಂಡು ಇರಬಲ್ಲದು. ಎಣ್ಣೆ ಹಚ್ಚಿದ ಮೇಲೆ ನಮ್ಮಮ್ಮ ಸೀರಣಿಗೆ ಹಿಡಿದು ಕೂರುತ್ತಿದ್ದಳಲ್ಲ, ಗುಣ ಮಾಡುತ್ತಿದ್ದದ್ದು ಆ ಸೀರಣಿಗೆ.

ಶನಿವಾರ ಬೆಳಗ್ಗೆ ಸೆಕ್ಟರ್ ಮಾರ್ಕೆಟ್ಟಿನ ಮೆಡಿಕಲ್ ಅಂಗಡಿಯಲ್ಲಿ ಉಕ್ಕಿನ ಉದ್ದಹಲ್ಲಿನ ಬಾಚಣಿಗೆ ಸಿಕ್ಕಿತು. ಹಲ್ಲುಗಳ ಸಂದು ಮಿಲಿಮೀಟರಿನ ಕಾಲು ಭಾಗದಷ್ಟಿರಬೇಕು, ಬೆಳಕಿಗೆ ಹಿಡಿದರೆ ಸಂದು ಗೆರೆಯಷ್ಟೇ ಕಾಣಬೇಕು. ಶಾಂಪೂ ಬಾಟಲಿಯ ಜೊತೆ ಉಚಿತವಾಗಿ ಬರುವ ಪ್ಲಾಸ್ಟಿಕ್ಕಿನದು ಬಾಗುತ್ತದೆ, ಹೇನು ಸಂದಿನಲ್ಲಿ ನುಸುಳಿಕೊಳ್ಳುತ್ತದೆ. ಮಗಳ ತಲೆ ತೊಳೆದು, ಕೈತುಂಬ ಕಂಡೀಷನರ್ ಬುಡದಿಂದ ತುದಿಯವರೆಗೆ ಸವರಿ, ಮೊದಲು ದೊಡ್ಡ ಹಲ್ಲಿನ ಹಣಿಗೆಯಲ್ಲಿ ಸಿಕ್ಕು ಬಿಡಿಸಿದೆ. ನೋಯ್ಡಾದ ಗಡಸು ನೀರಿಗೆ ಕೂದಲು ತೆಂಗಿನ ನಾರಿನ ಹಾಗಾಗಿರುತ್ತದೆ, ಸಿಕ್ಕು ಬಿಡಿಸದೆ ಸಣ್ಣ ಹಣಿಗೆ ಹಾಕಿದರೆ ಮಗು ಎರಡನೆಯ ಸಲಕ್ಕೆ ಕೂರುವುದಿಲ್ಲ. ಆಮೇಲೆ ಎರಡು ಬೆರಳಗಲದ ಎಳೆ ಎಳೆ ಬೇರೆ ಮಾಡಿ, ಹಣಿಗೆಯ ಹಲ್ಲು ಚರ್ಮಕ್ಕೆ ತಾಗಿಸಿ, ಬುಡದಿಂದ ತುದಿಗೆ ಒಂದೇ ಎಳೆತ. ಪ್ರತಿ ಎಳೆತಕ್ಕೂ ಬಿಳಿ ಟಿಶ್ಯೂ ಮೇಲೆ ಒರೆಸಿ ನೋಡುವುದು. ಕಿವಿಯ ಹಿಂದೆ ಮತ್ತು ಕುತ್ತಿಗೆಯ ಮೇಲೆ ಹೆಚ್ಚು ಹೊತ್ತು. ತೊಳೆದು ಇನ್ನೊಮ್ಮೆ ಇಡೀ ತಲೆ. ಒಟ್ಟು ನಲವತ್ತು ನಿಮಿಷ ಹಿಡಿಯಿತು. ಟಿಶ್ಯೂ ಮೇಲೆ ಇಪ್ಪತ್ತೇಳು. ಐದು ಎಳ್ಳಿನ ಗಾತ್ರದವು, ಮಿಕ್ಕವು ಅದಕ್ಕಿಂತ ಸಣ್ಣ ಮರಿಗಳು, ಕೆಲವು ಅಕ್ಷರದ ಮೇಲಿನ ಚುಕ್ಕಿಯಷ್ಟು. ಮಗಳು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಟ್ಟಳು. ಟೋಪಿ ಕಳಚಿದ್ದು ಆವತ್ತು.

ಒಂದು ಸಲ ಬಾಚಿದರೆ ಮುಗಿಯುವುದಿಲ್ಲ, ಯಾಕೆಂದರೆ ಮೊಟ್ಟೆ ಬಾಚಣಿಗೆಗೆ ಪೂರ್ತಿ ಬರುವುದಿಲ್ಲ. ಉಳಿದವು ಒಡೆಯುತ್ತ ಹೋಗುತ್ತವೆ. ಆದರೆ ಮರಿ ಬೆಳೆದು ಮೊಟ್ಟೆಯಿಡಲು ಏಳೆಂಟು ದಿನವಾದರೂ ಬೇಕು. ಆದ್ದರಿಂದ ನಾಲ್ಕು ದಿನಕ್ಕೊಮ್ಮೆ, ಅಂದರೆ ಒಂದನೆಯ, ಐದನೆಯ, ಒಂಬತ್ತನೆಯ, ಹದಿಮೂರನೆಯ ದಿನ ಬಾಚಿದರೆ ಹುಟ್ಟಿದ ಮರಿ ತಾಯಾಗುವ ಮೊದಲೇ ಸಿಗುತ್ತದೆ, ಹೊಸ ಮೊಟ್ಟೆ ಬೀಳುವುದೇ ಇಲ್ಲ. ಬ್ರಿಟನ್ನಿನಲ್ಲಿ ರೂಢಿಗೆ ಬಂದ ಕ್ರಮ ಇದು. ಇದನ್ನು ಹೊಗಳುವವರು ಹೇಳದೆ ಬಿಡುವ ಮಾತೂ ಇದೆ. 2000ದಲ್ಲಿ ವೇಲ್ಸ್‌ನಲ್ಲಿ ನಡೆದ ಪ್ರಯೋಗದಲ್ಲಿ ಬಾಚಿದವರ ಪೈಕಿ ಗುಣವಾದದ್ದು ಶೇ. 38, ಮ್ಯಾಲಥಿಯಾನ್ ಔಷಧಿ ಹಚ್ಚಿದವರಲ್ಲಿ ಶೇ. 78. ಐದು ವರ್ಷದ ನಂತರ ಸುಧಾರಿಸಿದ ಬಾಚಣಿಗೆಯಿಂದ ಮಾಡಿದ ಇನ್ನೊಂದು ಪ್ರಯೋಗದಲ್ಲಿ ಬಾಚಿದವರು ಶೇ. 57, ಅಂಗಡಿಯ ಔಷಧಿಯವರು ಬರೀ 13. ಬಾಚುವುದು ಮಾಡುವ ಕೈ ಮತ್ತು ಹಣಿಗೆ ಮೇಲೆ ನಿಂತಿದೆ, ಔಷಧಿ ಆ ಊರಿನ ಹೇನು ಅದಕ್ಕೆ ಎಷ್ಟು ಪಳಗಿದೆ ಎಂಬುದರ ಮೇಲೆ.

ಹಾಗಾಗಿ ನಾನು ಔಷಧಿಯ ವಿರೋಧಿಯಲ್ಲ, ತಪ್ಪಾಗಿ ಹಚ್ಚುವುದರ ವಿರೋಧಿ. ಹೇನಿಗೆ ಬೇಕಾದದ್ದು ಶೇ. 1ರ ಪರ್ಮೆಥ್ರಿನ್ ಲೋಷನ್. ಅಂಗಡಿಯಲ್ಲಿ ಕಜ್ಜಿಗೆ ಕೊಡುವ ಶೇ. 5ರ ಮುಲಾಮೂ ಇರುತ್ತದೆ, ಟ್ಯೂಬು ತಿರುಗಿಸಿ ಓದಿ. ತೊಳೆದು ಟವೆಲಿನಲ್ಲಿ ಒರೆಸಿದ ಕೂದಲಿಗೆ ಬುಡ ನೆನೆಯುವಷ್ಟು ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಅದಕ್ಕೆ ಮೊದಲು ಕಂಡೀಷನರ್ ಹಚ್ಚಬಾರದು, ಅದು ಕೂದಲಿಗೆ ಪದರ ಕಟ್ಟಿ ಔಷಧಿಯನ್ನು ತಡೆಯುತ್ತದೆ. ಬಾಚುವುದಕ್ಕೆ ಬೇಕಾದ ಕಂಡೀಷನರೇ ಔಷಧಿಗೆ ಶತ್ರು, ನಾನು ಕಂಡ ಅರ್ಧ ಸೋಲುಗಳು ಈ ಎರಡನ್ನು ಕಲಸಿದ್ದರಿಂದ ಆದವು. ಔಷಧಿ ನರಗಳ ಮೇಲೆ ಕೆಲಸ ಮಾಡುತ್ತದೆ, ಮೊಟ್ಟೆಯೊಳಗಿನ ಎಳೆಯದಕ್ಕೆ ಮೊದಲ ಕೆಲವು ದಿನ ನರವೇ ಇರುವುದಿಲ್ಲ. ಅದಕ್ಕೇ ಒಂಬತ್ತನೆಯ ದಿನ ಎರಡನೆಯ ಸಲ. ಹಚ್ಚಿ ಎಂಟು ಹತ್ತು ಗಂಟೆಯಾದ ಮೇಲೆ ಹೇನು ಮಂದವಾಗಿ ತೆವಳುತ್ತಿದ್ದರೆ ಬಾಚಿ ತೆಗೆಯಿರಿ, ಅದೇ ಚುರುಕಿನಲ್ಲಿ ಓಡುತ್ತಿದ್ದರೆ ಆ ಔಷಧಿಗೆ ಅದು ಜಗ್ಗುವುದಿಲ್ಲ, ಮತ್ತೆ ಮತ್ತೆ ಸುರಿಯದೆ ವೈದ್ಯರ ಹತ್ತಿರ ಹೋಗಿ. ಹದಿನೈದು ಕೆ.ಜಿ. ಮೀರಿದ ಮಕ್ಕಳಿಗೆ ಅವರು ತೂಕ ನೋಡಿ ಐವರ್‌ಮೆಕ್ಟಿನ್ ಮಾತ್ರೆ ಬರೆಯಬಹುದು.

ಊರಿನ ಮದ್ದುಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಫೋನಿನಲ್ಲಿ ನಮ್ಮತ್ತೆ ಹೇಳಿದ್ದು ಅದನ್ನೇ: ‘ಸೀತಾಫಲದ ಬೀಜ ಅರೆದು ಹಚ್ಚಮ್ಮಾ, ಒಂದೇ ಸಲಕ್ಕೆ ಹೋಗ್ತದೆ.’ ಹೋಗುವುದು ನಿಜ, ಬೀಜದಲ್ಲಿ ವಿಷವಿದೆ. ಆದರೆ ಆ ಪುಡಿ ನೀರಿನ ಜೊತೆ ಕಣ್ಣಿಗಿಳಿದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪದರ ಸುಲಿಯುತ್ತದೆ, ಉರಿಯಿಂದ ಕಣ್ಣು ತೆರೆಯಲಾಗದೆ ಬರುವ ಇಂಥವರನ್ನು ನಮ್ಮ ದೇಶದ ಕಣ್ಣಿನ ವೈದ್ಯರು ಚೆನ್ನಾಗಿ ಬಲ್ಲರು. ಸೀಮೆಎಣ್ಣೆ ಹಚ್ಚಿ ಒಲೆಯ ಹತ್ತಿರ ಹೋದ ಹುಡುಗಿಯರ ಕಥೆ ಬಿಡಿ. ಹೊಲಕ್ಕೆ ಹೊಡೆಯುವ ಪುಡಿಯನ್ನು ತಲೆಗೆ ಹಾಕಿ ಬಟ್ಟೆ ಕಟ್ಟುವುದನ್ನು ನಾನೇ ಚಿಕ್ಕವಳಿದ್ದಾಗ ಕಂಡಿದ್ದೇನೆ. ಹೇನು ಕೊಲ್ಲುವುದಿಲ್ಲ, ಮಾನ ಕಳೆಯುತ್ತದೆ. ಆ ಮಾನದ ಭಯಕ್ಕೆ ಮಗುವಿನ ಕಣ್ಣು ಒತ್ತೆಯಿಡುತ್ತೇವೆ.

ಇನ್ನು ಮನೆ. ಆ ಶನಿವಾರ ನಮ್ಮ ಟವರಿನಲ್ಲಿ ಎರಡು ಮನೆಯವರು ನಿಜವಾಗಿಯೂ ಹೊಗೆಮದ್ದು ಹೊಡೆಸಿದರು, ಹಾಸಿಗೆ ಬಾಲ್ಕನಿಗೆ ಬಂತು, ಸೋಫಾದ ಕವರು ಡ್ರೈಕ್ಲೀನಿಗೆ ಹೋಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ತಲೆಯಿಂದ ಬಿದ್ದ ಹೇನು ರಕ್ತವಿಲ್ಲದೆ ಒಂದೆರಡು ದಿನದಲ್ಲಿ ಸಾಯುತ್ತದೆ, ಬಿದ್ದದ್ದಂತೂ ಬಹುತೇಕ ಸಾಯುತ್ತಿರುವ ಹೇನೇ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ರಿಕ್ ಸ್ಪಿಯರ್ ಮತ್ತು ಜೊತೆಗಾರರು 118 ತರಗತಿಗಳ ನೆಲ ಜಾಲಾಡಿದರು. ಆ ಶಾಲೆಗಳ 466 ಮಕ್ಕಳ ತಲೆಯಲ್ಲಿ 14,033 ಹೇನು ಸಿಕ್ಕವು, ನೆಲದ ಮೇಲೆ ಒಂದೂ ಇಲ್ಲ. 2002ರಲ್ಲಿ ಬಂದ ಈ ವರದಿಯನ್ನು ಓದಿಯೂ ಕೋಣೆಗೆ ವಿಷ ಹೊಡೆಸುವವರಿಗೆ ನಾನು ಹೇಳುವುದೇನೂ ಇಲ್ಲ. ಮನೆಯಲ್ಲಿ ಮಾಡಬೇಕಾದದ್ದು ಅರ್ಧ ಗಂಟೆಯ ಕೆಲಸ. ಹಿಂದಿನ ಎರಡು ದಿನ ತಲೆ ತಾಗಿದ ದಿಂಬಿನ ಕವರು, ಟವೆಲು, ದುಪಟ್ಟಾ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಬಾಚಣಿಗೆ, ಕ್ಲಿಪ್ಪು, ರಬ್ಬರ್ ಬ್ಯಾಂಡನ್ನು ಕೈ ಇಡಲಾಗದಷ್ಟು ಬಿಸಿನೀರಿನಲ್ಲಿ ಹತ್ತು ನಿಮಿಷ ಅದ್ದಿಡಿ. ಒಗೆಯಲಾಗದ್ದನ್ನು ಎರಡು ದಿನ ಮುಟ್ಟದೆ ಪಕ್ಕಕ್ಕಿಟ್ಟರೆ ಸಾಕು.

ಐದನೆಯ ದಿನ, ಬುಧವಾರ, ಎಂಟು ಸಿಕ್ಕವು, ಎಲ್ಲವೂ ಚುಕ್ಕಿಯಂಥ ಮರಿಗಳು. ಲೆಕ್ಕ ಸರಿಯಾಗಿ ನಡೆದಿತ್ತು. ಒಂಬತ್ತನೆಯ ದಿನ, ಭಾನುವಾರ, ಮೂರು. ಎರಡು ಮರಿ, ಒಂದು ದೊಡ್ಡದು, ಎಳ್ಳಿನ ಗಾತ್ರದ್ದು. ನಾನು ಟಿಶ್ಯೂ ಹಿಡಿದು ಕೂತುಬಿಟ್ಟೆ. ಬುಧವಾರದ ಟಿಶ್ಯೂ ಮೇಲೆ ಎಂಟೂ ಸಣ್ಣವು, ದೊಡ್ಡದು ಒಂದೂ ಇರಲಿಲ್ಲ. ಆಮೇಲೆ ಹುಟ್ಟಿದ್ದು ನಾಲ್ಕು ದಿನದಲ್ಲಿ ಅಷ್ಟು ದೊಡ್ಡದಾಗಲು ಸಾಧ್ಯವಿಲ್ಲ. ಮರಿ ಸಿಕ್ಕರೆ ಅದು ಇದೇ ತಲೆಯ ಹಳೆಯ ಮೊಟ್ಟೆಯದು, ಬೆಳೆದ ಹೇನು ಸಿಕ್ಕರೆ ಹೊಸ ಅತಿಥಿ. ಯಾವುದೋ ಇನ್ನೊಂದು ತಲೆಯಿಂದ ನಡೆದು ಬಂದದ್ದು.

ಆ ಹೊತ್ತಿಗೆ ಕೆಲಸದಾಕೆ ವಾಪಸು ಬಂದಿದ್ದಳು. ಬಂಗಾಳದ ಮಾಲ್ದಾ ಕಡೆಯವಳು, ಕಾರಣ ಅವಳಿಗೆ ಆಗಲೇ ಗೊತ್ತಾಗಿತ್ತು, ಗೇಟಿನಲ್ಲಿ ಎಲ್ಲ ಕೆಲಸದವರಿಗೂ ಗೊತ್ತಿತ್ತು. ಬಾಲ್ಕನಿಯಲ್ಲಿ ನಾನು ಟಿಶ್ಯೂ ಬೆಳಕಿಗೆ ಹಿಡಿದದ್ದು ನೋಡಿ ಕೈ ಒರೆಸಿಕೊಳ್ಳುತ್ತ ಬಂದು ಹಿಂದಿಯಲ್ಲಿ ಕೇಳಿದಳು, ‘ದೀದಿ, ಗುಡಿಯಾಳ ತಲೆ ನೀವು ನೋಡಿದಿರಿ. ನಿಮ್ಮ ತಲೆ ಯಾರು ನೋಡಿದರು?’

ಯಾರೂ ನೋಡಿರಲಿಲ್ಲ. ಗಂಡನದು ಸಣ್ಣ ಕ್ರಾಪು, ಮೊದಲ ದಿನವೇ ಬಾಚಿ ನೋಡಿದ್ದೆ, ಏನೂ ಇರಲಿಲ್ಲ. ನನ್ನ ತಲೆಗೆ ತುರಿಕೆಯೇ ಇರಲಿಲ್ಲ, ಅದೇ ಸಾಕ್ಷಿ ಎಂದುಕೊಂಡಿದ್ದೆ. ತುರಿಕೆ ಆರು ವಾರ ತಡವಾಗಿ ಬರುತ್ತದೆಂದು ಮಗಳ ಶಾಲೆಗೆ ಕಾಗದ ಬರೆದವಳು ನಾನೇ. ಮಗಳು ರಾತ್ರಿ ಕಥೆ ಕೇಳುತ್ತ ಮಲಗುವುದು ನನ್ನ ಭುಜದ ಮೇಲೆ, ನನ್ನ ಬಿಚ್ಚಿದ ಜಡೆಯ ಮೇಲೆ. ಆಕೆ ಪ್ಲಾಸ್ಟಿಕ್ ಸ್ಟೂಲ್ ಎಳೆದುಕೊಂಡು ನನ್ನನ್ನು ನೆಲದ ಮೇಲೆ ಕೂರಿಸಿದಳು, ಉಕ್ಕಿನ ಹಣಿಗೆ ಕೈಗೆ ತೆಗೆದುಕೊಂಡಳು. ನಾನು ಎರಡು ಬೆರಳಗಲ ಎಳೆ ತೆಗೆದದ್ದು ಅವಳ ಕೈಯಲ್ಲಿ ಒಂದು ಬೆರಳಗಲ. ಪ್ರತಿ ಎಳೆಯನ್ನೂ ಮೇಲಿನಿಂದ ಒಂದು ಸಲ, ಎಳೆ ತಿರುಗಿಸಿ ಕೆಳಗಿನಿಂದ ಒಂದು ಸಲ. ಕೂದಲಿನ ಅಡಿಮುಖ ನಾನು ಒಂಬತ್ತು ದಿನದಲ್ಲಿ ಒಮ್ಮೆಯೂ ಬಾಚಿರಲಿಲ್ಲ. ಹನ್ನೊಂದು ಸಿಕ್ಕವು, ನಾಲ್ಕು ಬೆಳೆದವು. ತನ್ನ ತಲೆಯನ್ನೂ ನೋಡಬೇಕೆಂದು ಅವಳೇ ಹೇಳಿ ಕೂತಳು. ನಾನು ಬಾಚಿದೆ, ಎರಡು ಸಲ. ಏನೂ ಇರಲಿಲ್ಲ. ಇದ್ದಿದ್ದರೂ ಅವಳ ಮೇಲೆ ನನಗೆ ಯಾವ ದೂರೂ ಇರಲು ಸಾಧ್ಯವಿರಲಿಲ್ಲ, ಅವಳ ತಲೆಗೂ ನಮ್ಮ ತಲೆಗೂ ನಡುವೆ ಆವತ್ತಿನವರೆಗೆ ಒಂದು ಸಿಂಕಿನ ದೂರ ಇತ್ತು.

ಆಗ ನಮ್ಮ ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು. ಸೊಂಟದವರೆಗಿನ ನನ್ನ ಕೂದಲನ್ನು ನಾನೇ ಬಾಚಿಕೊಳ್ಳುವುದು ಆಗದ ಮಾತು, ಅದಕ್ಕೆ ಪರ್ಮೆಥ್ರಿನ್ ಹಚ್ಚಿ, ಒಂಬತ್ತು ದಿನ ಬಿಟ್ಟು ಮತ್ತೆ ಹಚ್ಚಿದೆ. ಮಗಳಿಗೆ ನಾಲ್ಕು ದಿನಕ್ಕೊಮ್ಮೆ ಬಾಚುವುದು ಮುಂದುವರಿಯಿತು. ಬೆಳೆದ ಹೇನು ಒಮ್ಮೆ ಸಿಕ್ಕ ಮೇಲೆ, ಸತತ ಮೂರು ಸರದಿ ಒಂದೂ ಸಿಗದೆ ಹೋಗುವವರೆಗೆ ನಿಲ್ಲಿಸಬಾರದು. ಮೊದಲ ಶನಿವಾರದಿಂದ ಎಣಿಸಿದರೆ ಹದಿಮೂರನೆಯ ದಿನ ಒಂದು ಮರಿ. ಹದಿನೇಳು, ಇಪ್ಪತ್ತೊಂದು, ಇಪ್ಪತ್ತೈದನೆಯ ದಿನ ಏನೂ ಇಲ್ಲ.

ನಾಲ್ಕು ದಿನದ ಸಂಬಳ ನಾನು ಕಡಿದಿರಲಿಲ್ಲ, ಆದರೆ ಅದು ಕ್ಷಮೆ ಕೇಳಿದ ಹಾಗಲ್ಲ. ಕ್ಷಮೆಯನ್ನು ಬೇರೆಯಾಗಿಯೇ ಕೇಳಿದೆ. ಆಮೇಲೆ ಟವರಿನ ಗುಂಪಿನಲ್ಲಿ ಬರೆದೆ: ನನ್ನ ಮಗಳ ತಲೆಯಲ್ಲಿ ಹೇನಿತ್ತು, ನನ್ನ ತಲೆಯಲ್ಲೂ ಇತ್ತು, ಕೆಲಸದಾಕೆಯ ತಲೆಯಲ್ಲಿ ಇರಲಿಲ್ಲ, ಮಗಳ ಜೊತೆ ವ್ಯಾನಿನಲ್ಲಿ ಕೂರುವ ಮಕ್ಕಳ ತಲೆಯನ್ನು ಇವತ್ತು ರಾತ್ರಿಯೇ ಒದ್ದೆ ಬಾಚಿ ನೋಡಿ. ಹೆಬ್ಬೆಟ್ಟು ಒಂದೂ ಬರಲಿಲ್ಲ. ರಾತ್ರಿ ಹತ್ತರ ಮೇಲೆ ಮೂರು ತಾಯಂದಿರು ಗುಂಪಿನ ಹೊರಗೆ, ಖಾಸಗಿಯಾಗಿ ಕೇಳಿದರು: ಆ ಉಕ್ಕಿನ ಬಾಚಣಿಗೆ ಎಲ್ಲಿ ಸಿಕ್ಕಿತು?

ಈ ಮಾತುಗಳು ಗುಂಪಿನ ಒಳಗೆ ಬರಬೇಕು. ಒಂದೇ ವ್ಯಾನಿನ ಆರು ಮನೆ ಒಂದೇ ರಾತ್ರಿ ಬಾಚಿದರೆ ಎರಡು ವಾರದಲ್ಲಿ ಮುಗಿಯುವ ಕೆಲಸ ಇದು. ಐದು ಮನೆ ಬಾಚಿ ಒಂದು ಮನೆ ನಾಚಿಕೊಂಡು ಸುಮ್ಮನಿದ್ದರೆ ದೀಪಾವಳಿಯವರೆಗೂ ಮುಗಿಯುವುದಿಲ್ಲ. ನಿಮ್ಮ ಮಗಳ ತಲೆಯಲ್ಲಿ ಹೇನು ಕಂಡರೆ ಮೊದಲು ಅವಳ ಗೆಳತಿಯರ ಅಮ್ಮಂದಿರಿಗೆ ಹೆಸರು ಹೇಳಿ ಫೋನು ಮಾಡಿ. ಎರಡನೆಯ ಕೆಲಸ, ಯಾರಾದರೂ ನಿಮ್ಮ ತಲೆ ನೋಡಲಿ.